‘ಮೊದಲು ಎಲ್ಲಿ ತೋರಿಸಿದ್ದಿರಿ?’

ಮನೋವೈದ್ಯರ ಎದುರು ಕೂತ ತಾಯಿ ಮಗನ ಕೈಯ ತಾಯಿತವನ್ನು ಸೆರಗಿನಿಂದ ಮುಚ್ಚುತ್ತಾಳೆ. ದೇವಸ್ಥಾನ, ದರ್ಗಾ, ಮಂತ್ರವಾದಿಯ ಮನೆ ಸುತ್ತಿ ಬಂದ ವಿಷಯ ಹೇಳಿದರೆ ಡಾಕ್ಟರು ಬೈದಾರು ಎಂಬ ಭಯ ಅವಳಿಗೆ. ಅವಳು ಮುಚ್ಚಿಟ್ಟ ಆ ಸಂಗತಿಯೇ ಚಿಕಿತ್ಸೆಗೆ ಬಹಳ ಬೇಕಾದದ್ದು.

ಇದನ್ನು ಗೌರವದಿಂದ ಕೇಳುವ ವಿಧಾನವೊಂದನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಸೇರಿಸಿತು. ಇದರಲ್ಲಿರುವುದು 16 ಪ್ರಶ್ನೆಗಳು. ಮನೆಯವರನ್ನು ಕೇಳಲು ಬೇರೆಯದೇ ರೂಪವಿದೆ. ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ ಎಂದು ಮೊದಲೇ ಹೇಳಿಯೇ ಮಾತು ಶುರುಮಾಡಬೇಕು. ಬಳಕೆಗೆ ತರುವ ಮುನ್ನ ಇದನ್ನು ಪರೀಕ್ಷಿಸಿದ ದೇಶಗಳಲ್ಲಿ ಭಾರತವೂ ಒಂದು.

ನಮ್ಮ ಬಯಲುಸೀಮೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಮಗನಿಗೆ ನಿದ್ದೆಯಿಲ್ಲ, ಒಬ್ಬನೇ ಮಾತಾಡುತ್ತಾನೆ. ‘ನಿಮ್ಮ ಊರವರಿಗೆ ಇದನ್ನು ಏನಂತ ಹೇಳ್ತೀರಮ್ಮಾ?’ ಎಂದು ವೈದ್ಯರು ಕೇಳಿದರೆ, ‘ಗಾಳಿ ಸೋಕಿದೆ’ ಎನ್ನುತ್ತಾಳೆ ತಾಯಿ. ಕಾರಣ ಕೇಳಿದಾಗ ದೊಡ್ಡಪ್ಪನ ಮಾತು ಹೊರಬರುತ್ತದೆ: ಜಮೀನಿನ ಜಗಳದಲ್ಲಿ ದಾಯಾದಿಗಳು ಮಾಟ ಮಾಡಿಸಿದ್ದಾರೆ. ಮನೆಯಲ್ಲಿ ಕೊನೆಯ ಮಾತು ಅವರದೇ. ಹಾಗಾಗಿ ಅವರನ್ನು ಕರೆಸಿ ಮಾತಾಡದೆ ಮಾತ್ರೆ ಬರೆದುಕೊಟ್ಟರೆ ಅದು ಡಬ್ಬಿಯಲ್ಲೇ ಉಳಿಯಬಹುದು.

ಹನ್ನೆರಡನೆಯ ಪ್ರಶ್ನೆ ಇಲ್ಲಿ ಮುಖ್ಯವಾದದ್ದು: ಇದುವರೆಗೆ ಎಲ್ಲೆಲ್ಲಿ ಸಹಾಯ ಕೇಳಿದಿರಿ, ಯಾವುದರಿಂದ ಉಪಯೋಗವಾಯಿತು, ಯಾವುದರಿಂದ ಆಗಲಿಲ್ಲ? ‘ಮೂರು ಅಮಾವಾಸ್ಯೆ ಕಳೆಯೋವರೆಗೂ ಇಂಗ್ಲಿಷ್ ಮಾತ್ರೆ ಮುಟ್ಟಬಾರದು ಅಂದ್ರು ಸ್ವಾಮೀ, ಒಂದು ಪುಡಿ ಕೊಟ್ರು’ ಎಂದು ತಾಯಿ ಬಾಯಿಬಿಡುತ್ತಾಳೆ. ಆ ಪುಡಿಯಲ್ಲಿ ಏನಿದೆಯೋ ತಿಳಿಯದು, ಅದನ್ನು ನಿಲ್ಲಿಸಲೇಬೇಕು. ಉಪವಾಸದ ಹರಕೆಯಿದ್ದರೆ ಅದೂ ಗೊತ್ತಿರಬೇಕು. ಲಿಥಿಯಂ ಸೇವಿಸುವವರು ನೀರೂ ಕುಡಿಯದೆ ಉಪವಾಸವಿದ್ದರೆ ಔಷಧ ರಕ್ತದಲ್ಲಿ ಹೆಚ್ಚಾಗಿ ವಿಷವಾಗಬಹುದು.

ಆದರೆ ಅವಳು ಇನ್ನೊಂದನ್ನೂ ಹೇಳುತ್ತಾಳೆ. ದೇವಸ್ಥಾನದಲ್ಲಿ ಇದ್ದಷ್ಟು ದಿನ ಮಗ ಹೊಟ್ಟೆತುಂಬ ಉಂಡ, ಯಾರೂ ಅವನನ್ನು ಹುಚ್ಚ ಎನ್ನಲಿಲ್ಲ. ಇದನ್ನು ತಳ್ಳಿಹಾಕುವಂತಿಲ್ಲ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಗಮನಿಸಿದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. ಅಧ್ಯಯನ ಚಿಕ್ಕದು, ಆದರೂ ಆಸರೆಯ ವಾತಾವರಣಕ್ಕೆ ಬೆಲೆಯಿದೆ ಎಂಬುದನ್ನು ಅದು ತೋರಿಸಿತು. ಇದರ ಇನ್ನೊಂದು ಮುಖ ಅದೇ ರಾಜ್ಯದ ಎರವಾಡಿ. ಅಲ್ಲಿ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸತ್ತರು.

ಹಾಗಾಗಿ ವೈದ್ಯರು ಬಿಡಿಸಿ ಹೇಳಬೇಕು: ತಾಯಿತ ಇರಲಿ, ಪೂಜೆ ನಡೆಯಲಿ, ಪುಡಿ ಬೇಡ, ಹೊಡೆತ ಬೇಡ, ಸರಪಳಿ ಬೇಡ, ಮಾತ್ರೆ ತಪ್ಪಬಾರದು. ಈ ಸಂದರ್ಶನ ರೋಗವನ್ನು ಪತ್ತೆಹಚ್ಚುವುದಿಲ್ಲ. ರೋಗಿ ಉದ್ರೇಕಗೊಂಡಿದ್ದರೆ ಮೊದಲು ಅವನನ್ನು ಶಾಂತಗೊಳಿಸಬೇಕು, ಪ್ರಶ್ನೆಗಳು ಆಮೇಲೆ.

ವೈದ್ಯರು ಕೇಳದಿದ್ದರೂ ಮನೆಯವರೇ ಹೇಳಬೇಕು: ಎಲ್ಲಿಗೆ ಹೋಗಿದ್ದಿರಿ, ಏನು ತಿನ್ನಿಸಿದರು, ಯಾವ ಪಥ್ಯ ಹೇಳಿದರು. ಪುಡಿಯ ಪೊಟ್ಟಣವಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.