ಐದು ತ್ರಿಭುಜ ಸಿಕ್ಕಿದರೆ ಮೊತ್ತ 900 ಡಿಗ್ರಿಯೇ?

ಪಂಚಭುಜದ ನಡುವೆ ಒಂದು ಚುಕ್ಕೆ ಇಟ್ಟು ಐದೂ ಮೂಲೆಗಳಿಗೆ ಗೆರೆ ಎಳೆದರೆ ಐದು ತ್ರಿಭುಜಗಳು ಸಿಗುತ್ತವೆ. ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ. ಐದನ್ನೂ ಕೂಡಿದರೆ 900. ಆದ್ದರಿಂದ ಪಂಚಭುಜದ ಒಳಕೋನಗಳ ಮೊತ್ತವೂ 900 ಡಿಗ್ರಿ!

ಎಂಟನೇ ತರಗತಿಯ ವರ್ಕ್‌ಶೀಟ್ ತಿದ್ದುವ ಗಣಿತ ಶಿಕ್ಷಕರಿಗೆ ಈ ಉತ್ತರ ಚೆನ್ನಾಗಿ ಪರಿಚಿತ. ಚಿತ್ರ ಅಚ್ಚುಕಟ್ಟಾಗಿರುತ್ತದೆ, ಗುಣಾಕಾರದಲ್ಲೂ ತಪ್ಪಿರುವುದಿಲ್ಲ. ಬೇಸರ ತರಿಸುವುದು ಇದರ ಹಿಂದಿರುವ ಗಟ್ಟಿ ನಂಬಿಕೆ: ಆಕೃತಿಯನ್ನು ಹೇಗೆ ಬೇಕಾದರೂ ಕತ್ತರಿಸಬಹುದು, ಎಷ್ಟು ತ್ರಿಭುಜ ಬೀಳುತ್ತವೋ ಅಷ್ಟು 180 ಎಣಿಸಿದರೆ ಸಾಕು ಎಂಬುದು. ‘ತ್ರಿಭುಜಗಳಾಗಿ ಭಾಗ ಮಾಡಿ’ ಎಂದು ಹಾಳೆಯ ಮೇಲೆ ಅಚ್ಚು ಹಾಕುವವರು ಎಲ್ಲಿಂದ ಗೆರೆ ಎಳೆಯಬೇಕೆಂದು ಹೇಳದೆ ಬಿಡುತ್ತಾರೆ. ತಪ್ಪು ಹುಟ್ಟುವುದೇ ಅಲ್ಲಿ.

ಆ ಐದು ತ್ರಿಭುಜಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಅದರ ಮೂರು ಕೋನಗಳಲ್ಲಿ ಎರಡು ಪಂಚಭುಜದ ಮೂಲೆಗಳಲ್ಲಿವೆ. ಮೂರನೆಯದು ನಡುವಿನ ಚುಕ್ಕೆಯ ಹತ್ತಿರ ಇದೆ. ಆ ಚುಕ್ಕೆ ಪಂಚಭುಜದ ಮೂಲೆಯಲ್ಲ, ಬಿಡಿಸಿದವರು ತಾವೇ ತಂದು ಇಟ್ಟದ್ದು. ಅದರ ಸುತ್ತ ಸೇರುವ ಐದು ಕೋನಗಳು ಒಂದು ಪೂರ್ತಿ ಸುತ್ತು, ಅಂದರೆ 360 ಡಿಗ್ರಿ. ಪಂಚಭುಜಕ್ಕೆ ಸೇರದ ಈ 360ನ್ನು 900ರಿಂದ ಕಳೆದರೆ 540 ಉಳಿಯುತ್ತದೆ. ಸರಿಯಾದ ಉತ್ತರ ಅದು.

ಚುಕ್ಕೆಯನ್ನು ಒಂದು ಬಾಹುವಿನ ಮೇಲೆಯೇ ಇಟ್ಟರೂ ಲೆಕ್ಕ ಕೂಡಿಬರುತ್ತದೆ. ಆಗ ಆ ಬಾಹುವಿನ ಮೇಲೆ ತ್ರಿಭುಜ ಆಗುವುದಿಲ್ಲ, ನಾಲ್ಕೇ ತ್ರಿಭುಜ, 720 ಡಿಗ್ರಿ. ಬಾಹುವಿನ ಮೇಲಿನ ಚುಕ್ಕೆಯಲ್ಲಿ ಅನಗತ್ಯವಾಗಿ ಸೇರಿಕೊಂಡದ್ದು ಸರಳಕೋನ, ಅಂದರೆ 180. ಕಳೆದರೆ ಮತ್ತೆ 540. ಚತುರ್ಭುಜಕ್ಕೆ ಎರಡೂ ಕರ್ಣ ಎಳೆದು ನಾಲ್ಕು ತ್ರಿಭುಜ ಎಣಿಸಿ 720 ಎಂದು ಬರೆಯುವವರ ತಪ್ಪೂ ಇದೇ ಜಾತಿಯದು: ಕರ್ಣಗಳು ಒಂದನ್ನೊಂದು ದಾಟುವ ಬಿಂದುವಿನ ಸುತ್ತಲಿನ 360 ಒಳಗೆ ನುಸುಳಿರುತ್ತದೆ.

ಏನನ್ನೂ ಕಳೆಯಬೇಕಿಲ್ಲದಂತೆ ಕತ್ತರಿಸುವ ದಾರಿಯೂ ಇದೆ. ಗೆರೆಗಳು ಮೂಲೆಯಿಂದ ಮೂಲೆಗೆ ಹೋಗಬೇಕು, ಒಂದನ್ನೊಂದು ದಾಟಬಾರದು. ಪಂಚಭುಜದ ಒಂದು ಮೂಲೆಯನ್ನು ಹಿಡಿದು ಅಲ್ಲಿಂದ ಎಳೆಯಬಹುದಾದ ಎರಡು ಕರ್ಣಗಳನ್ನು ಎಳೆದರೆ ಮೂರು ತ್ರಿಭುಜ. ಪ್ರತಿ ತ್ರಿಭುಜದ ಪ್ರತಿ ಕೋನವೂ ಪಂಚಭುಜದ ಮೂಲೆಯಲ್ಲೇ ಇದೆ, ಹೊಸ ಬಿಂದು ಒಂದೂ ಇಲ್ಲ. ಮೂರು ಸಲ 180, ಅಂದರೆ 540.

ಸೂತ್ರದಲ್ಲಿರುವ ‘ಎರಡು ಕಳೆಯಿರಿ’ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹಿಡಿದ ಮೂಲೆಗೆ ತಗುಲಿಕೊಂಡ ಬಾಹುಗಳು ಎರಡು. ಅವು ಆ ಮೂಲೆಯೊಂದಿಗೆ ಬೇರೆ ತ್ರಿಭುಜ ಮಾಡಲಾರವು. ಉಳಿದ ಒಂದೊಂದು ಬಾಹುವೂ ಒಂದೊಂದು ತ್ರಿಭುಜಕ್ಕೆ ತಳವಾಗುತ್ತದೆ. n ಬಾಹುಗಳಿದ್ದರೆ ತಳವಾಗುವವು n − 2, ಆದ್ದರಿಂದ ಮೊತ್ತ (n − 2) × 180°. ನಡುವಿನ ಚುಕ್ಕೆಯ ದಾರಿಯಲ್ಲಿ ಬರುವ n × 180° − 360° ಕೂಡ ಇದೇ ಸಂಖ್ಯೆ. ಐದನೇ ಶತಮಾನದಲ್ಲಿ ಯೂಕ್ಲಿಡನ ಮೊದಲ ಪುಸ್ತಕಕ್ಕೆ ವ್ಯಾಖ್ಯಾನ ಬರೆದ ಪ್ರೋಕ್ಲಸ್ ಈ ಮಾತನ್ನು ಲಂಬಕೋನಗಳ ಲೆಕ್ಕದಲ್ಲಿ ಹೇಳಿದ್ದ.

900 ಎಂಬ ಉತ್ತರ ತಪ್ಪೆಂದು ಕಂಡುಹಿಡಿಯಲು ಉತ್ತರಪಟ್ಟಿ ಬೇಕಿಲ್ಲ. ನಿಯಮಿತ ಪಂಚಭುಜದಲ್ಲಿ ಐದೂ ಕೋನ ಸಮ, ಹಾಗಾದರೆ ಒಂದೊಂದು 900 ÷ 5 = 180 ಡಿಗ್ರಿ ಆಗಬೇಕು. 180 ಡಿಗ್ರಿ ಅಂದರೆ ನೆಟ್ಟಗಿನ ಗೆರೆ, ಅಲ್ಲಿ ಮೂಲೆಯೇ ಇಲ್ಲ! ಚುಕ್ಕೆಯ ಸುತ್ತಲಿನ 360 ಮರೆತವರು ಷಡ್ಭುಜ ತೆಗೆದುಕೊಳ್ಳಲಿ, ಅಷ್ಟಭುಜ ತೆಗೆದುಕೊಳ್ಳಲಿ, ಭಾಗಿಸಿದಾಗ ಸಿಗುವುದು ಯಾವಾಗಲೂ ಇದೇ 180. ನಿಯಮಿತ ಆಕೃತಿಯ ಒಳಕೋನ 180ನ್ನು ಮುಟ್ಟಿತೆಂದರೆ ಅಲ್ಲಿಗೇ ನಿಂತು ಚಿತ್ರಕ್ಕೆ ಮರಳಬೇಕು.

ಇನ್ನೊಂದು ತಪಾಸಣೆ ಹೊರಕೋನದ್ದು. ಆಕೃತಿಯ ಅಂಚಿನ ಮೇಲೆ ಒಂದು ಸುತ್ತು ನಡೆದು ಬಂದವರು ಒಟ್ಟು ತಿರುಗುವುದು 360 ಡಿಗ್ರಿ, ಬಾಹುಗಳು ಎಷ್ಟೇ ಇರಲಿ. ಬಾಹು ಹೆಚ್ಚಿದಂತೆ ಹೊರಕೋನಗಳ ಮೊತ್ತವೂ ಹೆಚ್ಚುತ್ತದೆ ಎಂಬುದು ಶುದ್ಧ ಭ್ರಮೆ. 20 ರೂಪಾಯಿ ನಾಣ್ಯಕ್ಕೆ 12 ಅಂಚುಗಳು: ಹೊರಕೋನ 360 ÷ 12 = 30, ಒಳಕೋನ 150. ಸೂತ್ರದಿಂದ ಹೋದರೂ 1800 ÷ 12 = 150. ಎರಡು ದಾರಿಗಳು ಒಂದೇ ಕಡೆ ಸೇರಿದರೆ ಉತ್ತರವನ್ನು ನಂಬಬಹುದು.

1992ರಿಂದ ಬಂದ ಹಳೆಯ ಎರಡು ರೂಪಾಯಿ ನಾಣ್ಯಕ್ಕೆ ಹನ್ನೊಂದು ಅಂಚುಗಳಿದ್ದವು. ಅಂಥ ನಿಯಮಿತ ಆಕೃತಿಯ ಒಳಕೋನ 1620 ÷ 11, ಅಂದರೆ 147 ಪೂರ್ಣಾಂಕ 3/11 ಡಿಗ್ರಿ. ಇದನ್ನು ಕಂಡ ಕೂಡಲೇ ಮಕ್ಕಳು ತಪ್ಪಾಯಿತೆಂದು ಅಳಿಸಿ ಹಾಕುತ್ತಾರೆ, ಏಕೆಂದರೆ ಅಭ್ಯಾಸದ ಹಾಳೆಗಳ ತುಂಬ 108, 120, 135 ಇಂಥ ಪೂರ್ಣ ಸಂಖ್ಯೆಗಳೇ. ಭಿನ್ನರಾಶಿ ಬಂದರೆ ತಪ್ಪೆಂದು ಯಾವ ಪ್ರಮೇಯವೂ ಹೇಳಿಲ್ಲ. ಪೂರ್ಣ ಸಂಖ್ಯೆ ಆಗಲೇಬೇಕಾದದ್ದು ಬಾಹುಗಳ ಎಣಿಕೆ, ಕೋನವಲ್ಲ.

ಮೊತ್ತವನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸುವುದು ನಿಯಮಿತ ಆಕೃತಿಗಳಿಗೆ ಮಾತ್ರ. ಬಾಹುಗಳು ಸಮವಿದ್ದರೆ ಆಕೃತಿ ನಿಯಮಿತ ಎಂಬುದೂ ಸುಳ್ಳು, ವಜ್ರಾಕೃತಿಯೇ ಸಾಕ್ಷಿ.

ಒಳಕ್ಕೆ ಬಾಗಿದ ಆಕೃತಿಗಳಿಗೆ ಸೂತ್ರ ನಡೆಯುವುದಿಲ್ಲ ಎನ್ನುವವರಿಗೆ L ಆಕಾರದ ಮನೆಯ ನಕ್ಷೆ ತೋರಿಸಬೇಕು. ಆರು ಮೂಲೆ, ಐದರಲ್ಲಿ 90 ಡಿಗ್ರಿ. ಒಳಕ್ಕೆ ಚಾಚಿದ ಆರನೆಯ ಮೂಲೆಯಲ್ಲಿ ಕೋನಮಾಪಕವನ್ನು ಮನೆಯ ಹೊರಗಡೆ ಇಟ್ಟು 90 ಎಂದು ಓದುವವರು ಹೆಚ್ಚು. ಮನೆಯ ಒಳಗಿನಿಂದ ಅದು 270. ಒಟ್ಟು 450 + 270 = 720, ನಾಲ್ಕು ತ್ರಿಭುಜಗಳದ್ದೇ ಲೆಕ್ಕ. ಆ ಮೂಲೆಯಿಂದಲೇ ಮೂರು ಕರ್ಣ ಎಳೆದರೆ ನಾಲ್ಕೂ ತ್ರಿಭುಜಗಳು ನಕ್ಷೆಯೊಳಗೇ ಬೀಳುತ್ತವೆ. L ಆಕಾರದ ತೋಳಿನ ತುದಿಯಲ್ಲಿ, ಆ ಮೂಲೆಗೆ ಪಕ್ಕದಲ್ಲಿರುವ ಮೂಲೆಯಿಂದ ಎಳೆದರೆ ಎರಡು ಗೆರೆಗಳು ನಕ್ಷೆಯ ಹೊರಗೆ ಹೋಗುತ್ತವೆ. ತನ್ನನ್ನು ತಾನು ದಾಟದ ಯಾವ ಬಹುಭುಜಾಕೃತಿಯನ್ನಾದರೂ ಹೊರಗೆ ಹೋಗದ ಕರ್ಣಗಳಿಂದ n − 2 ತ್ರಿಭುಜಗಳಾಗಿ ಕತ್ತರಿಸಬಹುದು. ಹಾಗೆ ಒಂದು ಕರ್ಣದಿಂದ ಬಿಡಿಸಿ ತೆಗೆಯಬಹುದಾದ ತ್ರಿಭುಜಕ್ಕೆ ಗಣಿತಜ್ಞರು ‘ಕಿವಿ’ ಎನ್ನುತ್ತಾರೆ. ನಾಲ್ಕು ಅಥವಾ ಹೆಚ್ಚು ಬಾಹುಗಳಿರುವ ಆಕೃತಿಗೆ ಇಂಥ ಕಿವಿಗಳು ಕನಿಷ್ಠ ಎರಡು ಇರುತ್ತವೆ ಎಂದು ಗ್ಯಾರಿ ಮೈಸ್ಟರ್ಸ್ 1975ರಲ್ಲಿ ತೋರಿಸಿದರು.

ಅಚ್ಚಾದದ್ದೆಲ್ಲ ಸತ್ಯ ಎಂಬ ನಂಬಿಕೆ ಈ ತಪ್ಪುಗಳೆಲ್ಲಕ್ಕಿಂತ ದೊಡ್ಡ ತೊಡಕು. ನಿಯಮಿತ ಷಡ್ಭುಜದ ಒಳಕೋನ 135 ಎಂದು ಉತ್ತರಪಟ್ಟಿಯಲ್ಲಿ ತಪ್ಪಾಗಿ ಅಚ್ಚಾದರೆ, 120 ಬರೆದ ಹುಡುಗಿ ತನ್ನ ಸರಿ ಉತ್ತರವನ್ನೇ ಹೊಡೆದು ಹಾಕುತ್ತಾಳೆ. ಮನೆಯಲ್ಲಿ ಹೇಳಿಕೊಡುವವರೂ ಪಟ್ಟಿಯ ಪಕ್ಷವನ್ನೇ ಹಿಡಿಯುತ್ತಾರೆ. 180ರಿಂದ 135 ಕಳೆದರೆ 45, 360ರಲ್ಲಿ 45 ಎಂಟು ಸಲ. ಅಂದರೆ ಅದು ಅಷ್ಟಭುಜದ ಕೋನ. ಎರಡು ಸಾಲಿನ ಈ ಲೆಕ್ಕ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ಪುಸ್ತಕದಲ್ಲಿ ಬಹುಕಾಲ ಇದ್ದ ಒಂದು ಪ್ರಶ್ನೆ ಈ ವಿಷಯದಲ್ಲಿ ಬಹಳ ಒಳ್ಳೆಯದು: ನಿಯಮಿತ ಬಹುಭುಜಾಕೃತಿಗೆ 22 ಡಿಗ್ರಿಯ ಹೊರಕೋನ ಇರಬಹುದೇ? ಅದೇ 22 ಒಳಕೋನವಾಗಬಹುದೇ? 360ನ್ನು 22ರಿಂದ ಭಾಗಿಸಿದರೆ 8 ಶೇಷ ಉಳಿಯುತ್ತದೆ, ಆದ್ದರಿಂದ ಹೊರಕೋನ ಆಗಲಾರದು. ಒಳಕೋನವಂತೂ ಸಾಧ್ಯವೇ ಇಲ್ಲ: ನಿಯಮಿತ ಆಕೃತಿಗಳಲ್ಲಿ ಅತಿ ಕಡಿಮೆ ಒಳಕೋನ ಸಮಬಾಹು ತ್ರಿಭುಜದ್ದು, ಅದೇ 60.