ಏನೂ ಇಲ್ಲದಿದ್ದರೂ ಉರಿಯುವ ದೀಪ

ವಸಂತಪುರದಲ್ಲಿ ವಸಂತ ವಲ್ಲಭರಾಯ ಸ್ವಾಮಿಯ ಗುಡ್ಡದಿಂದ ಸ್ವಲ್ಪ ಕೆಳಗಿಳಿದರೆ ಮನೆಗಳ ಸಾಲಿನ ನಡುವೆ ಒಂದು ಶೀಟಿನ ಶೆಡ್ ಇದೆ. ಒಳಗೆ ಅಗರಬತ್ತಿ ಪ್ಯಾಕ್ ಮಾಡುವ ಒಂದೇ ಒಂದು ಯಂತ್ರ. ಅದರ ಯಜಮಾನರು ಒಂದು ಬೆಳಿಗ್ಗೆ ಫೋನ್ ಮಾಡಿದರು: "ಸಾರ್, ಪ್ರಾಕ್ಸಿ ಮುಂದೆ ಏನೂ ಇಲ್ಲ. ಬಿಚ್ಚಿ ಗಾಳೀಲಿ ಹಿಡ್ಕೊಂಡಿದೀನಿ. ಆದ್ರೂ ಪಿಎಲ್‌ಸಿ ಮೇಲೆ ಲೈಟು ಹತ್ಕೊಂಡೇ ಇದೆ."

ಪಿಎಲ್‌ಸಿ ಅಂದರೆ ಯಂತ್ರದ ಪ್ಯಾನೆಲ್ ಒಳಗಿರುವ ಪುಟ್ಟ ಕಂಪ್ಯೂಟರ್. ಸೆನ್ಸರುಗಳಿಂದ ಬರುವ ಒಂದೊಂದು ತಂತಿಗೂ ಅದರಲ್ಲಿ ಒಂದೊಂದು ಇನ್‌ಪುಟ್ ಟರ್ಮಿನಲ್, ಪ್ರತಿ ಟರ್ಮಿನಲ್ಲಿಗೂ ಒಂದು ಪುಟ್ಟ ದೀಪ. ಸೆನ್ಸರು 'ಹೌದು' ಅಂದರೆ ದೀಪ ಹತ್ತಬೇಕು, 'ಇಲ್ಲ' ಅಂದರೆ ಆರಬೇಕು. ಈ ಯಂತ್ರದಲ್ಲಿ ಶಾಫ್ಟಿನ ಮೇಲೊಂದು ಕಬ್ಬಿಣದ ಕ್ಯಾಮ್ ತಿರುಗುತ್ತದೆ. ಅದು ಎದುರಿಗೆ ಬಂದಾಗ ಪ್ರಾಕ್ಸಿಮಿಟಿ ಸೆನ್ಸರು, ಅಂದರೆ ಶೆಡ್ಡಿನವರ ಬಾಯಲ್ಲಿ 'ಪ್ರಾಕ್ಸಿ', ಹೌದು ಅನ್ನಬೇಕು, ಆ ಕ್ಷಣದಲ್ಲಿ ಬ್ಲೇಡು ಕವರನ್ನು ಕತ್ತರಿಸಬೇಕು. ಹಿಂದಿನ ಸಂಜೆಯಿಂದ ಕವರು ಅಚ್ಚಾದ ಹೆಸರಿನ ನಡುವೆಯೇ ತುಂಡಾಗುತ್ತಿತ್ತು. ಕೆಲವೊಮ್ಮೆ ಬ್ಲೇಡು ಬೀಳುತ್ತಲೇ ಇರಲಿಲ್ಲ.

ಇಂಥ ದೂರು ಬಂದಾಗ ನಾನು ಮೊದಲು ಕೇಳುವುದು, ಯಾವ 'ಏನೂ ಇಲ್ಲ' ಎಂದು. ಸೆನ್ಸರಿನ ಮುಂದೆ ಏನೂ ಇಲ್ಲವೇ? ತಂತಿಯ ಆ ತುದಿಯಲ್ಲಿ ಸೆನ್ಸರೇ ಇಲ್ಲವೇ? ಅಥವಾ ಟರ್ಮಿನಲ್ಲಿನಲ್ಲಿ ತಂತಿಯೇ ಇಲ್ಲವೇ? ಹೇಳುವವರಿಗೆ ಮೂರೂ ಒಂದೇ ಅನಿಸುತ್ತದೆ. ಮೂರಕ್ಕೂ ಕಾರಣ ಬೇರೆ ಬೇರೆ. ಬೇರ್ಪಡಿಸಲು ಬೇಕಾಗುವುದು ಒಂದು ಸ್ಕ್ರೂಡ್ರೈವರ್ ಮಾತ್ರ. ದೀಪ ಉರಿಯುತ್ತಿರುವ ಟರ್ಮಿನಲ್ಲಿನಿಂದ ಆ ಒಂದು ತಂತಿಯನ್ನು ಬಿಚ್ಚಿ ನೋಡುವುದು. ದೀಪ ಆರಿದರೆ ಪಿಎಲ್‌ಸಿ ಸರಿಯಿದೆ, ತಪ್ಪು ತಂತಿಯ ಕಡೆಯಿಂದ ಬರುತ್ತಿದೆ. ಆರದಿದ್ದರೆ ಒಳಗಿನ ಸರ್ಕ್ಯೂಟ್ ಸುಟ್ಟಿರಬಹುದು. ದೀಪ ಆರಿದ್ದೂ ಲ್ಯಾಪ್‌ಟಾಪಿನ ಪರದೆಯಲ್ಲಿ ಆ ಇನ್‌ಪುಟ್ ಆನ್ ಎಂದೇ ಕಂಡರೆ, ಹಿಂದೆ ರಿಪೇರಿಗೆ ಬಂದ ಯಾರೋ ಅದನ್ನು ಬಲವಂತವಾಗಿ ಆನ್ ಮಾಡಿಟ್ಟು, ತೆಗೆಯಲು ಮರೆತು ಹೋಗಿದ್ದಾರೋ ಎಂದು ನೋಡಬೇಕು.

ಫೋನಿನಲ್ಲೇ ಹೇಳಿ ಬಿಚ್ಚಿಸಿದೆ. ದೀಪ ಆರಿತು. ಅಂದರೆ ಇದು ಮೊದಲನೆಯ 'ಏನೂ ಇಲ್ಲ'.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಡಿಪ್ಲೊಮಾ ಓದುವ ಹುಡುಗರು ಆರ್ಡುಯಿನೊ ಬೋರ್ಡಿನಲ್ಲಿ 'ಫ್ಲೋಟಿಂಗ್ ಇನ್‌ಪುಟ್' ಎಂಬ ಮಾತನ್ನು ಕಲಿತಿರುತ್ತಾರೆ. ಅಲ್ಲಿ ಅದು ನಿಜ. ಆ ಚಿಪ್ಪಿನ ಕಾಲಿಗೆ ಬೇಕಾಗುವ ಕರೆಂಟು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಏನೂ ಸೇರಿಸದೆ ಬಿಟ್ಟರೆ ಬೆರಳು ಹತ್ತಿರ ತಂದರೂ ಅದು ಒಂದು, ಸೊನ್ನೆ ಎಂದು ಹೊಯ್ದಾಡುತ್ತದೆ. ಅದಕ್ಕೇ ಅಲ್ಲಿ `INPUT_PULLUP` ಎಂದು ಬರೆದು ಕಾಲನ್ನು ಒಂದು ಕಡೆಗೆ ಕಟ್ಟಿಹಾಕುತ್ತಾರೆ. 24 ವೋಲ್ಟಿನ ಪಿಎಲ್‌ಸಿ ಇನ್‌ಪುಟ್ ಹಾಗಲ್ಲ. ಅದರೊಳಗೆ ಒಂದು ರೆಸಿಸ್ಟರ್, ಅದರ ಹಿಂದೆ ಆಪ್ಟೊಕಪ್ಲರಿನ ಎಲ್‌ಇಡಿ. ಅದು ಬೆಳಗಲು ಕೆಲವು ಮಿಲಿಆಂಪಿಯರ್ ನಿಜವಾಗಿಯೂ ಹರಿಯಬೇಕು. ಖಾಲಿ ಟರ್ಮಿನಲ್ ಗಾಳಿಯಿಂದ ಅಷ್ಟನ್ನು ಹೀರಿಕೊಳ್ಳಲಾರದು. ಹಾಗಾಗಿ ದೀಪ ಉರಿಯುತ್ತಿದೆ ಅಂದರೆ ಎಲ್ಲೋ ಒಂದು ದಾರಿಯಲ್ಲಿ ಕರೆಂಟು ಬರುತ್ತಿದೆ. ಆ ದಾರಿಯನ್ನು ಹುಡುಕಬೇಕು.

ಶೆಡ್ಡಿಗೆ ಹೋಗಿ ನೋಡಿದೆ. ಹಳೆಯ ಪ್ರಾಕ್ಸಿ ಕೆಟ್ಟಿತ್ತು. ಯಜಮಾನರು ಎಸ್.ಪಿ. ರೋಡಿಗೆ ಹೋಗಿ ಅದೇ ಅಳತೆಯ ಹೊಸದನ್ನು ತಂದು ಹಾಕಿದ್ದರು. ಅದೇ 12 ಮಿಲಿಮೀಟರ್ ದಪ್ಪ, ಅದೇ ಕಂದು, ನೀಲಿ, ಕಪ್ಪು ತಂತಿಗಳು. ಕಂದು 24 ವೋಲ್ಟಿಗೆ, ನೀಲಿ ಸೊನ್ನೆಗೆ, ಕಪ್ಪು ಪಿಎಲ್‌ಸಿಗೆ, ಹಳೆಯದರಲ್ಲಿ ಇದ್ದ ಹಾಗೆಯೇ. ಮೈಮೇಲಿನ ಬರಹವನ್ನು ಎರಡನ್ನೂ ಪಕ್ಕದಲ್ಲಿಟ್ಟು ಓದಿದೆ. ಹಳೆಯದು `LJ12A3-4-Z/BY`. ಹೊಸದು `LJ12A3-4-Z/BX`. ಒಂದೇ ಅಕ್ಷರದ ವ್ಯತ್ಯಾಸ. Y ಅಂದರೆ ಪಿಎನ್‌ಪಿ, X ಅಂದರೆ ಎನ್‌ಪಿಎನ್.

ಪಿಎನ್‌ಪಿ ಸೆನ್ಸರು ಕೊಡುವ ಕೈ. ಲೋಹ ಕಂಡಾಗ ಕಪ್ಪು ತಂತಿಯ ಮೇಲೆ 24 ವೋಲ್ಟ್ ಹಾಕುತ್ತದೆ. ಎನ್‌ಪಿಎನ್ ಎಳೆದುಕೊಳ್ಳುವ ಕೈ. ಲೋಹ ಕಂಡಾಗ ಕಪ್ಪು ತಂತಿಯನ್ನು ಸೊನ್ನೆಗೆ ಎಳೆಯುತ್ತದೆ. ಎದುರಿನ ಇನ್‌ಪುಟ್ಟೂ ಇದಕ್ಕೆ ಹೊಂದಬೇಕು. ಕೊಡುವವರಿದ್ದರೆ ಇನ್‌ಪುಟ್ಟಿನ ಕಾಮನ್ ಸೊನ್ನೆಗೆ ಸೇರಿರಬೇಕು, ಎಳೆಯುವವರಿದ್ದರೆ 24 ವೋಲ್ಟಿಗೆ. ಈ ಪ್ಯಾನೆಲಿನಲ್ಲಿ ಕಾಮನ್ ಸೊನ್ನೆಗೆ ಸೇರಿತ್ತು.

ಹಾಗಾದರೆ ಎನ್‌ಪಿಎನ್ ಹಾಕಿದಾಗ ದೀಪ ಯಾವತ್ತೂ ಹತ್ತಬಾರದಿತ್ತಲ್ಲ, ಸದಾ ಹತ್ತಿಕೊಂಡೇ ಇರುವುದೇಕೆ? ಕಾರಣ ಸೆನ್ಸರಿನ ಹೊಟ್ಟೆಯಲ್ಲಿತ್ತು. ಇಂಥ ಅನೇಕ ಸೆನ್ಸರುಗಳ ಒಳಗೆ ಕಪ್ಪು ತಂತಿಗೂ ಕಂದು ತಂತಿಗೂ ನಡುವೆ ಸುಮಾರು 10 ಕಿಲೊಓಮಿನ ಒಂದು ರೆಸಿಸ್ಟರ್ ಇರುತ್ತದೆ. ಆ ಪಿಎಲ್‌ಸಿಯ ಇನ್‌ಪುಟ್ 24 ವೋಲ್ಟಿಗೆ ಸುಮಾರು 4 ಮಿಲಿಆಂಪಿಯರ್ ಎಳೆಯುವಂಥದ್ದು, ಅಂದರೆ ಸುಮಾರು 6 ಕಿಲೊಓಮ್. ಎರಡೂ ಸಾಲಾಗಿ ಕೂತಾಗ 24 ವೋಲ್ಟು 10ಕ್ಕೂ 6ಕ್ಕೂ ಹಂಚಿಹೋಗುತ್ತದೆ. ಇನ್‌ಪುಟ್ಟಿನ ಪಾಲಿಗೆ 9 ವೋಲ್ಟ್. ಮೀಟರ್ ಇಟ್ಟು ಅಳೆದೆ, 9ರ ಆಸುಪಾಸಿನಲ್ಲೇ ಇತ್ತು.

ಈ 9 ಎಂಬ ಅಂಕಿಯೇ ಎಲ್ಲ ತೊಂದರೆಯ ಮೂಲ. ಪಿಎಲ್‌ಸಿಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 61131-2ರ ಪ್ರಕಾರ, ಸಾಮಾನ್ಯವಾಗಿ ಬಳಕೆಯಲ್ಲಿರುವ ಟೈಪ್ 1 ಇನ್‌ಪುಟ್ 15 ವೋಲ್ಟಿನ ಮೇಲೆ ಆನ್ ಆಗಲೇಬೇಕು, 5 ವೋಲ್ಟಿನ ಕೆಳಗೆ ಆಫ್ ಆಗಿರಲೇಬೇಕು. ನಡುವಿನದ್ದಕ್ಕೆ ಯಾರ ಭರವಸೆಯೂ ಇಲ್ಲ. ಅದೇ ಕಪ್ಪು ತಂತಿಯನ್ನು ಪಕ್ಕದ ಖಾಲಿ ಟರ್ಮಿನಲ್ಲಿಗೆ ಹಾಕಿದಾಗ ದೀಪ ಹತ್ತಲೇ ಇಲ್ಲ. ಮತ್ತೆ ಮೊದಲಿನದಕ್ಕೆ ಹಾಕಿದರೆ ಹತ್ತಿತು. ಒಂದೇ ಪೆಟ್ಟಿಗೆಯ ಎರಡು ಇನ್‌ಪುಟ್ಟುಗಳು ಒಂದೇ 9 ವೋಲ್ಟನ್ನು ಎರಡು ರೀತಿ ಓದಿದವು.

ಆಮೇಲೆ ಸ್ಪ್ಯಾನರನ್ನು ಪ್ರಾಕ್ಸಿಯ ಮುಂದೆ ಹಿಡಿದೆ. ದೀಪ ಆರಿತು. ತೆಗೆದೆ, ಹತ್ತಿತು. ಲೋಹ ಕಂಡಾಗ ಎನ್‌ಪಿಎನ್ ತಂತಿಯನ್ನು ಸೊನ್ನೆಗೆ ಎಳೆಯುತ್ತದೆ, ಆ 9 ವೋಲ್ಟೂ ಹೋಗುತ್ತದೆ. ಲೋಹ ತಂದಾಗ ದೀಪ ಆರಿದರೆ ಸೆನ್ಸರಿನ ಜಾತಿ ತಪ್ಪಿದೆ ಎಂದು ಬಹುಮಟ್ಟಿಗೆ ಹೇಳಬಹುದು. 'ನಾರ್ಮಲಿ ಕ್ಲೋಸ್ಡ್' ಸೆನ್ಸರೂ ಹೀಗೇ ತಲೆಕೆಳಗಾಗಿ ನಡೆಯುತ್ತದೆ, ಆದರೆ ಅದು ಪೂರಾ 24 ವೋಲ್ಟ್ ಕೊಡುತ್ತದೆ. ಅದಕ್ಕೇ ಮೀಟರ್ ಬೇಕು. ಕವರು ತಪ್ಪು ಜಾಗದಲ್ಲಿ ತುಂಡಾಗುತ್ತಿದ್ದುದರ ಗುಟ್ಟೂ ಇಲ್ಲೇ ಇತ್ತು. ಪ್ರೋಗ್ರಾಮ್ ಕಾಯುತ್ತಿದ್ದುದು ದೀಪ ಹತ್ತುವ ಕ್ಷಣಕ್ಕೆ. ಈಗ ಅದು ಹತ್ತುತ್ತಿದ್ದುದು ಕ್ಯಾಮ್ ಬಂದಾಗಲ್ಲ, ದಾಟಿ ಹೋದಾಗ. ಕ್ಯಾಮಿನ ಅಗಲದಷ್ಟು ತಡವಾಗಿ ಬ್ಲೇಡು ಬೀಳುತ್ತಿತ್ತು. 9 ವೋಲ್ಟನ್ನು ಇನ್‌ಪುಟ್ ಗುರುತಿಸದ ಸುತ್ತಿನಲ್ಲಿ ಬೀಳುತ್ತಲೇ ಇರಲಿಲ್ಲ.

"ಹಂಗಾದ್ರೆ ಕಾಮನ್‌ನೇ ತಿರುಗಿಸಿ ಹಾಕಿಬಿಡಿ ಸಾರ್, ಮತ್ತೆ ಎಸ್.ಪಿ. ರೋಡಿಗೆ ಹೋಗೋದು ತಪ್ಪತ್ತೆ" ಅಂದರು ಯಜಮಾನರು. ಯೋಚನೆ ಸರಿಯೇ. ಇನ್‌ಪುಟ್ ಎರಡೂ ದಿಕ್ಕಿಗೆ ಕೆಲಸ ಮಾಡುವಂಥದ್ದೇ ಆಗಿತ್ತು. ಆದರೆ ಕಾಮನ್ ಒಬ್ಬರದ್ದಲ್ಲ, ಆ ಇಡೀ ಗುಂಪಿನದ್ದು. ಅದೇ ಗುಂಪಿನಲ್ಲಿ ಬಾಗಿಲಿನ ಲಿಮಿಟ್ ಸ್ವಿಚ್, ಸ್ಟಾರ್ಟ್ ಬಟನ್, ಇನ್ನೊಂದು ಪಿಎನ್‌ಪಿ ಸೆನ್ಸರ್ ಇದ್ದವು. ಎಲ್ಲವೂ 24 ವೋಲ್ಟ್ ಕೊಡುವವು. ಕಾಮನ್ನೂ 24 ಆದರೆ ಎರಡೂ ಕಡೆ ಒಂದೇ ಮಟ್ಟವಾಗಿ ಕರೆಂಟು ಹರಿಯುವುದಿಲ್ಲ, ಅವೆಲ್ಲ ಸತ್ತಂತಾಗುತ್ತವೆ.

ನಾವು ಮಾತಾಡುತ್ತಿರುವಾಗಲೇ ಅಲ್ಲಿನ ಹುಡುಗ ಕಾಮನ್ ತಂತಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಅದರಿಂದ ಒಳ್ಳೆಯದೇ ಆಯಿತು, ಕಾಮನ್ ತೇಲಿದಾಗ ಏನಾಗುತ್ತದೆ ಎಂದು ಎಲ್ಲರೂ ಕಣ್ಣಾರೆ ಕಂಡೆವು. ಬಾಗಿಲಿನ ಸ್ವಿಚ್ಚು ಒಂದೇ ಒತ್ತಿರುವಾಗ ಪ್ರಾಕ್ಸಿಗೆ ಸ್ಪ್ಯಾನರ್ ತೋರಿಸಿದರೆ ಎರಡೂ ದೀಪ ಮಂಕಾಗಿ ಮಿಣುಕಿದವು. ಸ್ವಿಚ್ಚಿನ 24 ವೋಲ್ಟು ತನ್ನ ಇನ್‌ಪುಟ್ಟಿನಿಂದ ಒಳಹೊಕ್ಕು, ಕಾಮನ್‌ನಲ್ಲಿ ಹೊರಗೆ ಹೋಗಲು ದಾರಿಯಿಲ್ಲದೆ, ಪ್ರಾಕ್ಸಿಯ ಇನ್‌ಪುಟ್ಟಿನಿಂದ ಹಿಮ್ಮುಖವಾಗಿ ಹೊರಬಿದ್ದು ಸೊನ್ನೆ ಸೇರುತ್ತಿತ್ತು. ಇಬ್ಬರಿಗೂ ಸುಮಾರು 12 ವೋಲ್ಟ್ ಪಾಲು, ಮತ್ತೆ ಅದೇ ಭರವಸೆಯಿಲ್ಲದ ನಡುದಾರಿ. ಸ್ಟಾರ್ಟ್ ಬಟನ್ನನ್ನೂ ಇನ್ನೊಂದು ಸೆನ್ಸರನ್ನೂ ಜೊತೆಗೆ ಆನ್ ಮಾಡಿಸಿದೆ. ಈಗ ಮೂರು ಇನ್‌ಪುಟ್ಟುಗಳ ಕರೆಂಟು ಒಂದರ ಮೂಲಕ ಹೋಗಬೇಕು. ಪ್ರಾಕ್ಸಿಯ ಪಾಲು ಸುಮಾರು 18 ವೋಲ್ಟಿಗೆ ಏರಿ ಅದರ ದೀಪ ಚೆನ್ನಾಗಿ ಬೆಳಗಿತು, ಮಿಕ್ಕ ಮೂರೂ ಮಂಕಾದವು. ಒಂದು ಇನ್‌ಪುಟ್ಟಿನ ಸ್ಥಿತಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಬಟನ್ನಿನ ಮೇಲೆ ನಿಂತಿದ್ದರೆ ಮೊದಲು ಕಾಮನ್ ಸ್ಕ್ರೂ ಬಿಗಿಯಾಗಿದೆಯೇ ಎಂದು ನೋಡಬೇಕು.

ಎರಡನೆಯ 'ಏನೂ ಇಲ್ಲ', ಅಂದರೆ ತಂತಿಯಿದೆ, ತುದಿಯಲ್ಲಿ ಸೆನ್ಸರಿಲ್ಲ ಎಂಬುದು ಅಂದು ನಮಗೆ ಎದುರಾಗಲಿಲ್ಲ. ಎನ್‌ಪಿಎನ್ ಸೆನ್ಸರುಗಳೇ ತುಂಬಿರುವ ಹಳೆಯ ಜಪಾನಿ ಯಂತ್ರಗಳಲ್ಲಿ ಅದನ್ನು ಹೆಚ್ಚು ಕಂಡಿದ್ದೇನೆ. ಅಲ್ಲಿ ಕಪ್ಪು ತಂತಿಯ ಸಿಪ್ಪೆ ಸವೆದು ಯಂತ್ರದ ಮೈಗೆ ತಾಗಿದರೆ, ಸೊನ್ನೆಯನ್ನು ಮೈಗೆ ಅರ್ಥ್ ಮಾಡಿರುವ ಕಾರಣ, ಪಿಎಲ್‌ಸಿಗೆ ಅದು ಸೆನ್ಸರು ಆನ್ ಆದಂತೆಯೇ ಕಾಣುತ್ತದೆ. ಪಿಎನ್‌ಪಿ ಯಂತ್ರದಲ್ಲಿ ಅದೇ ತಂತಿ ಮೈಗೆ ತಾಗಿದರೆ ಇನ್‌ಪುಟ್ ಆಫ್ ಆಗುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ. ಯಂತ್ರ ತಾನಾಗಿ ಹೊರಡುವುದಕ್ಕಿಂತ ನಿಲ್ಲುವುದು ಮೇಲು. ಈ ಕಾರಣಕ್ಕೆ ನಾನು ಪಿಎನ್‌ಪಿಯ ಪಕ್ಷ. 230 ವೋಲ್ಟ್ ಎಸಿ ಇನ್‌ಪುಟ್ಟುಗಳ ಕಥೆ ಬೇರೆ. ಉದ್ದದ ತಂತಿ ಮೋಟರಿನ ಕೇಬಲ್ಲಿನ ಜೊತೆ ಒಂದೇ ಪೈಪಿನಲ್ಲಿ ಹೋದರೆ ಮೈಗೆ ಮೈ ತಾಗದೆಯೇ ವೋಲ್ಟೇಜು ದಾಟಿ ಬಂದು ದೀಪವನ್ನು ಆರಗೊಡದು.

ಆ ದಿನ ಕೆಲಸ ನಿಲ್ಲಬಾರದಿತ್ತು. ಕಪ್ಪು ತಂತಿಗೂ 24 ವೋಲ್ಟಿಗೂ ನಡುವೆ 2.2 ಕಿಲೊಓಮಿನ ಒಂದು ರೆಸಿಸ್ಟರ್ ಹಾಕಿದೆ. 9 ಇದ್ದದ್ದು 17 ವೋಲ್ಟ್ ದಾಟಿತು, ಅನುಮಾನ ಹೋಯಿತು. ತಲೆಕೆಳಗಾದ ಅರ್ಥವನ್ನು ಪ್ರೋಗ್ರಾಮಿನಲ್ಲಿ ಸರಿಪಡಿಸಿದೆ. ಕಾಲು ವಾಟಿನ ರೆಸಿಸ್ಟರ್ ಇಲ್ಲಿ ಸಾಲದು. ಲೋಹ ಎದುರಿರುವಷ್ಟು ಹೊತ್ತೂ ಅದು ಕಾಲು ವಾಟಿಗಿಂತ ಸ್ವಲ್ಪ ಹೆಚ್ಚೇ ಬಿಸಿಯನ್ನು ಹೊರಬೇಕು, ಅರ್ಧ ವಾಟಿನದು ಬೇಕು. ಆದರೂ ಇದು ಒಂದು ದಿನದ ವ್ಯವಸ್ಥೆಯಷ್ಟೇ. ಸೆನ್ಸರಿನ ತಂತಿ ತುಂಡಾದರೂ ಈ ರೆಸಿಸ್ಟರು ಇನ್‌ಪುಟ್ಟನ್ನು ಆನ್ ಆಗಿಯೇ ಇಡುತ್ತದೆ. ಬ್ಲೇಡು ಇರುವ ಯಂತ್ರದಲ್ಲಿ ತುಂಡಾದ ತಂತಿ ಸುದ್ದಿಯಿಲ್ಲದೆ ಉಳಿಯುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಮರುದಿನವೇ ಬದಲಿಸಬೇಕು ಎಂದು ಯಜಮಾನರಿಂದ ಮಾತು ತೆಗೆದುಕೊಂಡೆ.

ಮರುದಿನ ಮಧ್ಯಾಹ್ನ ಅವರು ದೊಡ್ಡಕಲ್ಲಸಂದ್ರ ಮೆಟ್ರೊದಲ್ಲಿ ಇಳಿದು ನಡೆದುಕೊಂಡೇ ಬಂದರು, ಜೇಬಿನಲ್ಲಿ ಎರಡು `BY` ಪ್ರಾಕ್ಸಿ. ರೆಸಿಸ್ಟರ್ ತೆಗೆದು, ಪ್ರೋಗ್ರಾಮನ್ನು ಮೊದಲಿನಂತೆ ಮಾಡಿ, ಹೊಸದನ್ನು ಹಾಕಿದೆ. ಕ್ಯಾಮ್ ಇಲ್ಲದಾಗ ಮೀಟರಿನಲ್ಲಿ ಸೊನ್ನೆಯ ಹತ್ತಿರ, ಬಂದಾಗ 23ರ ಮೇಲೆ. ಇನ್ನೊಂದು ಪ್ರಾಕ್ಸಿಯನ್ನು ಪ್ಯಾನೆಲ್ ಬಾಗಿಲಿನ ಒಳಗೆ ತಂತಿಯಿಂದ ಕಟ್ಟಿ ತೂಗುಹಾಕಿದರು. ಅದರ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದರು: ಪಿಎನ್‌ಪಿ, ಕಾಮನ್ ಸೊನ್ನೆಗೆ.