ರೋಗಿ ಬಾಯಿಪಾಠ ಒಪ್ಪಿಸಬಾರದು

“ನಾನು ಕಳೆದ ಹಲವು ತಿಂಗಳುಗಳಿಂದ ತೀವ್ರವಾದ ಭುಜ ನೋವಿನಿಂದ ಬಳಲುತ್ತಿದ್ದೆ. ಇಲ್ಲಿನ ನುರಿತ ತಜ್ಞರ ಚಿಕಿತ್ಸೆಯಿಂದ ಈಗ ಸಂಪೂರ್ಣ ಗುಣಮುಖಳಾಗಿದ್ದೇನೆ. ಅವರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.”

ಸಣ್ಣ ಊರಿನ ಕ್ಲಿನಿಕ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ವಿಡಿಯೊಗಳಲ್ಲಿ ಇಂಥ ಮಾತನ್ನು ಬಹುತೇಕ ಎಲ್ಲರೂ ಕೇಳಿರುತ್ತಾರೆ. ಹೇಳುತ್ತಿರುವವರು ನಿಜವಾದ ರೋಗಿಯೇ ಇರಬಹುದು, ನೋವು ಕಡಿಮೆಯಾದದ್ದೂ ನಿಜವಿರಬಹುದು. ಆದರೂ ನೋಡುವವರಿಗೆ ನಂಬಿಕೆ ಬರುವುದಿಲ್ಲ. ಕಾರಣ ಆ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಬರೆಯುವ ಮಾತಿಗೂ ಆಡುವ ಮಾತಿಗೂ ದೊಡ್ಡ ಅಂತರ. ‘ಬಳಲುತ್ತಿದ್ದೆ’, ‘ಗುಣಮುಖಳಾದೆ’ ಎಂದು ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ಮೈಸೂರಿನವರು “ಕೈ ಎತ್ತಕ್ಕೇ ಆಗ್ತಿರ್ಲಿಲ್ಲ” ಅನ್ನುತ್ತಾರೆ, ಮಂಗಳೂರಿನವರು “ಎತ್ಲಿಕ್ಕೇ ಆಗ್ತಿರ್ಲಿಲ್ಲ” ಅನ್ನುತ್ತಾರೆ, ಹುಬ್ಬಳ್ಳಿಯವರು “ಎತ್ತಾಕ ಬರ್ತಿದ್ದಿಲ್ರಿ” ಅನ್ನುತ್ತಾರೆ. ಬರೆದುಕೊಟ್ಟ ವಾಕ್ಯವನ್ನು ಓದಿದ ಕೂಡಲೇ ಊರೂ ಮನುಷ್ಯರೂ ಮಾಯವಾಗಿ ಕಾಗದವೊಂದೇ ಉಳಿಯುತ್ತದೆ.

ಹಾಗೆಂದು ಏನನ್ನೂ ಸಿದ್ಧಪಡಿಸದೆ ಫೋನ್ ಹಿಡಿದು “ಏನಾದ್ರೂ ಹೇಳಿ” ಎಂದರೆ ಕೆಲಸ ಇನ್ನಷ್ಟು ಕೆಡುತ್ತದೆ. ಕ್ಯಾಮೆರಾ ಕಂಡ ರೋಗಿ ಗಾಬರಿಯಾಗಿ, ತಾನು ನೋಡಿದ ಹಳೆಯ ಜಾಹೀರಾತುಗಳ ಮಾತನ್ನೇ ನೆನಪಿಸಿಕೊಂಡು ಒಪ್ಪಿಸುತ್ತಾರೆ. ಹಾಗಾಗಿ ಸ್ಕ್ರಿಪ್ಟ್ ಬೇಕೇ ಬೇಕು. ಆದರೆ ಅದನ್ನು ಬರೆಯಬೇಕಾದದ್ದು ಕೇಳುವವರಿಗೆ, ರೋಗಿಗಲ್ಲ. ಏನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು, ಎಲ್ಲಿ ಸುಮ್ಮನಿರಬೇಕು, ಕೊನೆಗೆ ಯಾವುದನ್ನು ಉಳಿಸಬೇಕು ಎಂಬುದಷ್ಟೇ ಅದರಲ್ಲಿರಬೇಕು. ರೋಗಿಯ ಬಾಯಿಗೆ ಹಾಕುವ ಒಂದೇ ಒಂದು ವಾಕ್ಯವೂ ಅಲ್ಲಿರಕೂಡದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ ಎರಡು ಕೋಣೆಯ ಫಿಸಿಯೊಥೆರಪಿ ಕ್ಲಿನಿಕ್ ಇದೆ ಎಂದಿಟ್ಟುಕೊಳ್ಳಿ. ಐವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಶಾಲಾ ಶಿಕ್ಷಕಿಯೊಬ್ಬರು ಬಲಭುಜ ಬಿಗಿದು ಅಲ್ಲಿಗೆ ಬಂದಿದ್ದಾರೆ. ‘ಫ್ರೋಜನ್ ಶೋಲ್ಡರ್’ ಎಂದು ಕರೆಯುವ ಈ ತೊಂದರೆ ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಕೆಲವು ತಿಂಗಳು ವ್ಯಾಯಾಮ ಮಾಡಿದ ಮೇಲೆ ಅವರ ಕೈ ಬಹಳ ಮಟ್ಟಿಗೆ ಮೇಲೇಳುತ್ತಿದೆ. ಅವರು ವಿಡಿಯೊಗೆ ಒಪ್ಪಿದ್ದಾರೆ.

“ಇಲ್ಲಿನ ಚಿಕಿತ್ಸೆ ಹೇಗಿತ್ತು?” ಎಂದು ಕೇಳಿದರೆ “ಭಾಳ ಛಲೋ ಇತ್ರಿ” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು, “ಟೀಚರ್, ಕೈ ಬಿಗಿದಾಗ ಯಾವ ಕೆಲ್ಸ ಮಾಡಾಕ ಬರ್ತಿದ್ದಿಲ್ಲ?” ಎಂದು ಕೇಳಬೇಕು. ಆಗ ಬರುವ ಉತ್ತರ ಹೀಗಿರಬಹುದು: “ಬೋರ್ಡಿನ ಮ್ಯಾಲಿನ ಅರ್ಧ ಖಾಲೀನ ಇರ್ತಿತ್ರಿ. ಕೈ ಹೋಗ್ತಿದ್ದಿಲ್ಲ. ಹುಡುಗ್ರು ಕೇಳ್ತಿದ್ರು, ಟೀಚರ್ ಯಾಕ ಕೆಳಗಷ್ಟ ಬರೀತೀರಿ ಅಂತ.” ಇಂಥ ಮಾತನ್ನು ಯಾವ ಜಾಹೀರಾತು ಬರಹಗಾರರೂ ಕುಳಿತು ಕಟ್ಟಲಾರರು. ನೋವಿನ ಬಗ್ಗೆ ಕೇಳಿದರೆ ‘ಭಾಳ’, ‘ವಿಪರೀತ’ ಎಂಬ ಶಬ್ದಗಳು ಬರುತ್ತವೆ. ನಿಂತುಹೋದ ಕೆಲಸದ ಬಗ್ಗೆ ಕೇಳಿದರೆ ಬೋರ್ಡು, ಅಟ್ಟದ ಮೇಲಿನ ಡಬ್ಬಿ, ತಲೆ ಬಾಚುವ ಹಣಿಗೆ ಬರುತ್ತವೆ.

ಎರಡನೆಯ ಪ್ರಶ್ನೆ ಮೊದಲ ದಿನದ ಬಗ್ಗೆ. ಬಾಗಿಲಲ್ಲಿ ನಿಂತಾಗ ಮನಸ್ಸಿನಲ್ಲಿ ಏನಿತ್ತು? “ಕೈ ಎಳದು ಮುರೀತಾರೇನೋ ಅಂತ ಹೆದ್ರಿಕಿ ಆಗಿತ್ರಿ” ಎಂದು ಒಬ್ಬರು ಹೇಳಿದರೆ, ಅದೇ ಹೆದರಿಕೆ ಇಟ್ಟುಕೊಂಡು ಮನೆಯಲ್ಲೇ ಕುಳಿತವರಿಗೆ ತಮ್ಮ ಮಾತನ್ನೇ ಕೇಳಿದಂತಾಗುತ್ತದೆ. ಮೂರನೆಯದು, ಬಿಟ್ಟುಬಿಡೋಣ ಅನ್ನಿಸಿದ ದಿನ ಇತ್ತೇ ಎಂಬುದು. ಕ್ಲಿನಿಕ್‌ನವರು ಈ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಆದರೆ ವಿಡಿಯೊದ ಜೀವಾಳ ಇದೇ. “ಮೂರನೇ ವಾರ ಸಾಕಪ್ಪ ಅನ್ನಿಸಿತ್ರಿ. ರಾತ್ರಿ ಬ್ಯಾನಿ ಹಂಗ ಇತ್ತು. ಎರಡ ದಿನ ಹೋಗಲೇ ಇಲ್ಲ” ಎಂದ ಶಿಕ್ಷಕಿ, ಮನೆಯಲ್ಲಿ ದಿನವೂ ಏನು ಮಾಡಬೇಕಾಯಿತು ಎಂಬುದನ್ನು ತಾವಾಗಿಯೇ ಹೇಳಲು ಶುರುಮಾಡುತ್ತಾರೆ. ಗೋಡೆಗೆ ಮುಖ ಮಾಡಿ ನಿಂತು ಬೆರಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಿದ್ದು, ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿದ್ದು ಹೊರಬರುತ್ತದೆ. ಚಿಕಿತ್ಸೆ ಎಂದರೆ ಹೋಗಿ ಮಲಗಿ ಬರುವುದಲ್ಲ, ತಿಂಗಳುಗಟ್ಟಲೆ ಮಾಡಬೇಕಾದ ಕೆಲಸ ಎಂಬುದು ನೋಡುವವರಿಗೆ ಯಾರ ಉಪದೇಶವೂ ಇಲ್ಲದೆ ತಿಳಿಯುತ್ತದೆ.

ನಾಲ್ಕನೆಯದು, ಈಗ ಏನು ಮಾಡುತ್ತೀರಿ? ಐದನೆಯದು, ಇನ್ನೂ ಏನು ಆಗುವುದಿಲ್ಲ? ಈ ಕೊನೆಯ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬಾರದು. “ಬೆನ್ನ ಹಿಂದ ಕೈ ಇನ್ನೂ ಪೂರಾ ಹೋಗೂದಿಲ್ರಿ” ಎಂಬ ಒಂದು ಮಾತು ಇದ್ದರೆ, ಅದಕ್ಕೂ ಮೊದಲು ಹೇಳಿದ ನಾಲ್ಕೂ ಮಾತು ನಂಬುವಂತಾಗುತ್ತವೆ.

ಇದರ ಹಿಂದೆ ವೈದ್ಯಕೀಯ ಕಾರಣವೂ ಒಂದಿದೆ. ಫ್ರೋಜನ್ ಶೋಲ್ಡರ್ ಅನೇಕರಲ್ಲಿ ಒಂದರಿಂದ ಮೂರು ವರ್ಷದೊಳಗೆ ತಾನಾಗಿಯೇ ಸಡಿಲಗೊಳ್ಳುತ್ತಾ ಹೋಗುತ್ತದೆ. ವ್ಯಾಯಾಮ ನೆರವಾಗುತ್ತದೆ ನಿಜ. ಆದರೆ ಒಬ್ಬ ರೋಗಿಯ ಮಟ್ಟಿಗೆ ಎಷ್ಟು ಪಾಲು ವ್ಯಾಯಾಮದ್ದು, ಎಷ್ಟು ಪಾಲು ಕಾಲದ್ದು ಎಂದು ಬೇರ್ಪಡಿಸಿ ಹೇಳಲು ರೋಗಿಗೂ ಆಗದು, ಕ್ಲಿನಿಕ್‌ಗೂ ಆಗದು. “ಮೊದಲು ಬೋರ್ಡಿನ ಮೇಲೆ ಕೈ ಹೋಗುತ್ತಿರಲಿಲ್ಲ, ಈಗ ಹೋಗುತ್ತದೆ” ಎಂಬುದಕ್ಕೆ ಶಿಕ್ಷಕಿ ಸಾಕ್ಷಿ ಹೇಳಬಲ್ಲರು. “ಇವರೇ ಗುಣಪಡಿಸಿದರು, ಯಾರಿಗಾದರೂ ಗುಣವಾಗುತ್ತದೆ” ಎಂಬುದಕ್ಕೆ ಅವರ ಸಾಕ್ಷಿ ಸಾಲದು. ಮಾತಿನ ಭರದಲ್ಲಿ ಅವರು ಹಾಗೆ ಹೇಳಿದರೂ ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದೇ ಪ್ರಾಮಾಣಿಕತೆ.

ಚಿತ್ರೀಕರಣಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಒಳ್ಳೆಯ ಫೋನು, ಅದನ್ನು ಅಲುಗದಂತೆ ಹಿಡಿಯುವ ಸ್ಟ್ಯಾಂಡು, ಎದೆಯ ಹತ್ತಿರ ಸಿಕ್ಕಿಸುವ ಪುಟ್ಟ ಮೈಕು ಸಾಕು. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ಸಹಿಸುತ್ತಾರೆ, ದನಿ ಕೇಳದಿದ್ದರೆ ಮುಂದಕ್ಕೆ ತಳ್ಳುತ್ತಾರೆ. ಹಾಗಾಗಿ ಮೊದಲು ಫ್ಯಾನ್ ಆರಿಸಬೇಕು, ಕಿಟಕಿಯ ಬೆಳಕು ರೋಗಿಯ ಮುಖದ ಒಂದು ಬದಿಗೆ ಬೀಳುವಂತೆ ಕೂರಿಸಬೇಕು. ಕೇಳುವವರು ಕ್ಯಾಮೆರಾದ ಪಕ್ಕದಲ್ಲೇ, ರೋಗಿಯ ಕಣ್ಣಿನ ಎತ್ತರದಲ್ಲಿ ಕುಳಿತರೆ ಮಾತು ಒಬ್ಬ ಮನುಷ್ಯರ ಜೊತೆ ನಡೆಯುತ್ತದೆ, ಲೆನ್ಸ್ ಮರೆತುಹೋಗುತ್ತದೆ. ಚಿಕಿತ್ಸೆ ಕೊಟ್ಟವರು ಆ ಹೊತ್ತಿಗೆ ಕೋಣೆಯಲ್ಲಿ ಇರಕೂಡದು. ಅವರ ಎದುರಿಗೆ ಯಾರಿಗೂ “ಮೂರನೇ ವಾರ ಸಾಕಾಗಿತ್ತು” ಎನ್ನಲು ಬಾಯಿ ಬರುವುದಿಲ್ಲ.

ಪ್ರಶ್ನೆಗಳನ್ನು ಮುಂಚೆಯೇ ಕೊಡಬೇಕೇ ಎಂಬ ಅನುಮಾನ ಬರುತ್ತದೆ. ವಿಷಯ ತಿಳಿಸಿದರೆ ಸಾಕು, ಪ್ರಶ್ನೆಯ ಪಟ್ಟಿ ಬೇಡ. ಪಟ್ಟಿ ಕೊಟ್ಟರೆ ಮನೆಯಲ್ಲಿ ಮಗಳೋ ಮಗನೋ ಚೆಂದದ ಉತ್ತರ ಬರೆದುಕೊಡುತ್ತಾರೆ. ಉತ್ತರ ಮುಗಿದಂತೆ ಕಂಡಾಗ ಕೇಳುವವರು ಮನಸ್ಸಿನಲ್ಲೇ ಮೂರು ಎಣಿಸಿ ಸುಮ್ಮನಿರಬೇಕು. ಬಹಳ ಸಲ ಒಳ್ಳೆಯ ಮಾತು ಆ ಮೌನದ ನಂತರವೇ ಬರುತ್ತದೆ. ಎಡವಿದರೆ “ಇನ್ನೊಮ್ಮೆ ಸರಿಯಾಗಿ ಹೇಳಿ” ಎನ್ನಬಾರದು. ಎರಡನೇ ಸಲ ಹೇಳಿದ್ದು ಆಗಲೇ ಬಾಯಿಪಾಠ.

ಇಪ್ಪತ್ತು ನಿಮಿಷ ಮಾತಾಡಿದ್ದರಲ್ಲಿ ತೊಂಬತ್ತು ಸೆಕೆಂಡು ಉಳಿಸಿಕೊಂಡರೆ ಸಾಕು. ಬೋರ್ಡಿನ ಮಾತಿನಿಂದ ಶುರುವಾಗಿ, ಹೆದರಿಕೆ ಮತ್ತು ಮೂರನೇ ವಾರ ದಾಟಿ, ಈಗಿನ ಸ್ಥಿತಿಗೆ ಬಂದು, ಬೆನ್ನ ಹಿಂದೆ ಹೋಗದ ಕೈಯಲ್ಲಿ ಮುಗಿಯಲಿ. ಮಧ್ಯೆ ಗೋಡೆಯ ಪೆನ್ಸಿಲ್ ಗುರುತುಗಳನ್ನು ತೋರಿಸಬಹುದು. ಕೇಳಿದವರ ದನಿಯನ್ನು ಕತ್ತರಿಸದೆ ಒಂದೆರಡು ಕಡೆ ಉಳಿಸಿದರೆ ಉತ್ತರ ಯಾವ ಪ್ರಶ್ನೆಗೆ ಬಂತೆಂದು ನೋಡುವವರಿಗೆ ಗೊತ್ತಾಗುತ್ತದೆ. ಮನ ಕಲಕುವ ಹಿನ್ನೆಲೆ ಸಂಗೀತ ಬೇಡವೇ ಬೇಡ. ಹಿಂದಿನ ಗೋಡೆಯಲ್ಲಿ, ಮೇಜಿನ ಮೇಲೆ ಬೇರೆ ರೋಗಿಗಳ ಹೆಸರಿರುವ ರಿಜಿಸ್ಟರ್, ಎಕ್ಸ್‌ರೇ ಕಾಣದಂತೆಯೂ ನೋಡಿಕೊಳ್ಳಬೇಕು. ಮುಗಿದ ಮೇಲೆ ಚಿತ್ರ ತೋರಿಸದೆ ಬರೀ ದನಿಯನ್ನು ರೋಗಿಯ ಮನೆಯವರಿಗೆ ಕೇಳಿಸುವುದು ಒಳ್ಳೆಯ ಪರೀಕ್ಷೆ. “ಇದು ಅವ್ವ ಮಾತಾಡೋ ಹಂಗ ಇಲ್ಲ” ಎಂದು ಮಗ ಹೇಳಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಇಷ್ಟಕ್ಕೂ ಮೊದಲು ಕ್ಲಿನಿಕ್ ಕಾನೂನನ್ನು ತಿಳಿದಿರಬೇಕು. ಎಂಬಿಬಿಎಸ್ ಓದಿದ ವೈದ್ಯರಿಗೆ ಅನ್ವಯಿಸುವ 2002ರ ವೃತ್ತಿ ನೀತಿ ನಿಯಮಗಳು ರೋಗಿಗಳನ್ನು ಸೆಳೆಯುವ ಜಾಹೀರಾತನ್ನೂ, ತಾವು ಗುಣಪಡಿಸಿದ ಪ್ರಕರಣಗಳ ಬಗ್ಗೆ ಕೊಚ್ಚಿಕೊಳ್ಳುವುದನ್ನೂ ಅನೈತಿಕ ಎನ್ನುತ್ತವೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಹೊಸ ನಿಯಮಗಳು ರೋಗಿಗಳ ಪ್ರಶಂಸೆಯನ್ನು ಸಾಮಾಜಿಕ ಜಾಲತಾಣದಲ್ಲಿ ಕೇಳುವುದನ್ನಾಗಲಿ ಹಂಚುವುದನ್ನಾಗಲಿ ಮಾಡಬಾರದು ಎಂದೇ ಹೇಳಿದ್ದವು. ಅದೇ ತಿಂಗಳು ಅವನ್ನು ತಡೆಹಿಡಿದು ಹಳೆಯ ನಿಯಮಗಳಿಗೇ ಮರಳಲಾಯಿತು. ಹಾಗಾಗಿ ಅಂಥ ವೈದ್ಯರು ನಡೆಸುವ ಕ್ಲಿನಿಕ್ ಈ ಬಗೆಯ ವಿಡಿಯೊವನ್ನು ಪ್ರಚಾರಕ್ಕೆ ಬಳಸದಿರುವುದೇ ಕ್ಷೇಮ. ಫಿಸಿಯೊಥೆರಪಿಗೆ 2021ರ ಬೇರೆ ಕಾಯ್ದೆ ಇದೆ, ದಂತವೈದ್ಯರಿಗೆ, ಆಯುರ್ವೇದದವರಿಗೆ ತಮ್ಮದೇ ನಿಯಮಗಳಿವೆ. ತಮ್ಮ ಪರಿಷತ್ತನ್ನು ವಿಚಾರಿಸದೆ ಯಾರೂ ಕ್ಯಾಮೆರಾ ತೆರೆಯಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಾರ್ಶ್ವವಾಯು ಮುಂತಾದವನ್ನು ಔಷಧಿಯಿಂದ ಗುಣಪಡಿಸುತ್ತೇವೆ ಎಂಬ ಜಾಹೀರಾತಿಗೆ 1954ರ ಕಾಯ್ದೆಯ ತಡೆಯೂ ಇದೆ. ಇನ್ನು ಗ್ರಾಹಕ ರಕ್ಷಣೆಯ 2022ರ ಮಾರ್ಗಸೂಚಿಗಳ ಪ್ರಕಾರ ಶಿಫಾರಸು ಮಾಡುವವರ ಅಭಿಪ್ರಾಯ ಅವರ ಪ್ರಾಮಾಣಿಕ ಅಭಿಪ್ರಾಯವೇ ಆಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು. ಶಿಕ್ಷಕಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿದ್ದರೆ, ಅವರು ಕ್ಲಿನಿಕ್‌ನವರ ಸಂಬಂಧಿಯಾಗಿದ್ದರೆ, ಅದನ್ನು ಪರದೆಯ ಮೇಲೆ ಬರೆದು ತಿಳಿಸಬೇಕು.

ಒಪ್ಪಿಗೆಯನ್ನು ಎರಡು ಸಲ ಪಡೆಯುವುದು ಒಳ್ಳೆಯದು. ಚಿತ್ರೀಕರಣಕ್ಕೆ ಮುಂಚೆ ಒಂದು ಸಲ, ಎಡಿಟ್ ಆದ ವಿಡಿಯೊ ನೋಡಿದ ಮೇಲೆ ಮತ್ತೊಂದು ಸಲ. ಪತ್ರ ಕನ್ನಡದಲ್ಲಿರಲಿ. ವಿಡಿಯೊ ಎಲ್ಲೆಲ್ಲಿ ಕಾಣುತ್ತದೆ, ಎಷ್ಟು ಕಾಲ ಇರುತ್ತದೆ, ಬೇಡವೆಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಅದರಲ್ಲಿರಲಿ. ಒಪ್ಪದಿದ್ದರೂ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ ಎಂಬ ಸಾಲೂ ಇರಲಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎಂಬುದು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಸೂತ್ರ.

ಹಾಗಾಗಿ ಕ್ಲಿನಿಕ್ ನಡೆಸುವವರಲ್ಲಿ ಒಂದು ಕೋರಿಕೆ. ಸಿದ್ಧವಾದ ವಿಡಿಯೊವನ್ನು ಮೊದಲು ಶಿಕ್ಷಕಿಯ ಫೋನಿಗೆ ಮಾತ್ರ ಕಳಿಸಿ. ಅವರು ಮನೆಯಲ್ಲಿ ಕುಳಿತು, ಮನೆಯವರ ಜೊತೆ ನೋಡಲಿ, ಎರಡು ದಿನ ಯೋಚಿಸಲಿ. “ಬ್ಯಾಡ್ರಿ” ಎಂದರೆ ಕಾರಣ ಕೇಳದೆ ಅದೇ ದಿನ ಅಳಿಸಿಬಿಡಿ.